ಬೀಮ್ ಲೆಕ್ಕ ಟ್ಯಾಲಿ ಆಗಿದೆ, ಆದರೂ ತಪ್ಪು: ನಡುವಿನ ಸಪೋರ್ಟ್ ಕುಸಿದಾಗ ಮೊಮೆಂಟ್ ಡಿಸ್ಟ್ರಿಬ್ಯೂಷನ್‌ನಲ್ಲಿ ದೋಷ ಹುಡುಕುವುದು

ಕಳೆದ ತಿಂಗಳು ನಮ್ಮ ಪಕ್ಕದ ಮನೆಯ ಹುಡುಗ ಒಂದು ಹಾಳೆ ಹಿಡಿದುಕೊಂಡು ಬಂದ. ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷ. "ಅಂಕಲ್, ನಡುವಿನ ಸಪೋರ್ಟ್ 10 ಮಿಮೀ ಕುಸಿದರೂ ಅಲ್ಲಿನ ಮೊಮೆಂಟ್ ಬದಲಾಗಲ್ಲ. ಕುಸಿತ ಇಲ್ಲದೆ 52.94, ಕುಸಿತ ಇದ್ದರೂ 52.94. ಮೂರು ಸಲ ಮಾಡಿದೆ, ಅದೇ ಬರುತ್ತೆ. ರಿಯಾಕ್ಷನ್ ಕೂಡಿಸಿದರೂ ಟ್ಯಾಲಿ ಆಗುತ್ತೆ. ಹಾಗಾದರೆ ಸರಿ ಅಲ್ವಾ?"

ಸರಿ ಇರಲಿಲ್ಲ. ಆದರೆ ಅವನು ಮಾಡಿದ್ದ ಯಾವ ಪರೀಕ್ಷೆಯಲ್ಲೂ ಈ ತಪ್ಪು ಸಿಗುವ ಹಾಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೀಮ್ ಯಾವುದು

A, B, C ಅಂತ ಮೂರು ಸಪೋರ್ಟ್. A ಗೋಡೆಯಲ್ಲಿ ಬಿಗಿಯಾಗಿ ಕೂತಿದೆ, ಅಂದರೆ ಫಿಕ್ಸೆಡ್. B ನಡುವಿನದು. C ಸುಮ್ನೆ ರೋಲರ್ ಮೇಲಿದೆ. AB 6 ಮೀಟರ್, ಅದರ ಉದ್ದಕ್ಕೂ ಮೀಟರಿಗೆ 20 ಕಿಲೋನ್ಯೂಟನ್ ಲೋಡ್. BC 4 ಮೀಟರ್, ನಟ್ಟನಡುವೆ 60 ಕಿಲೋನ್ಯೂಟನ್ ಒಂದೇ ಲೋಡ್. ಸ್ಟೀಲ್ ಬೀಮ್, EI ಎರಡೂ ಸ್ಪ್ಯಾನ್‌ಗೆ ಒಂದೇ, 18000 ಕಿಲೋನ್ಯೂಟನ್ ಚದರ ಮೀಟರ್. B 10 ಮಿಮೀ ಕುಸಿಯುತ್ತದೆ. A, C ಇದ್ದಲ್ಲೇ ಇವೆ.

ಮುಂದೆ ಮೊಮೆಂಟ್ ಎಲ್ಲ ಕಿಲೋನ್ಯೂಟನ್ ಮೀಟರ್‌ನಲ್ಲಿ. ಪ್ರತಿ ಸಲ ಬರೆಯುವುದಿಲ್ಲ. ಸ್ಪ್ಯಾನ್‌ನ ತುದಿಗೆ ಗಡಿಯಾರದ ದಿಕ್ಕಿನಲ್ಲಿ ಬಂದ ಮೊಮೆಂಟ್ ಪ್ಲಸ್, ಎದುರು ದಿಕ್ಕಿನದು ಮೈನಸ್.

ಕುಸಿತ ಇಲ್ಲದ ಲೆಕ್ಕವನ್ನು ಹುಡುಗ ಸರಿಯಾಗೇ ಮಾಡಿದ್ದ. A ಹತ್ತಿರ 63.53, B ಮೇಲೆ 52.94, ಎರಡೂ ಹಾಗಿಂಗ್. ಅಂದರೆ ಬೀಮಿನ ಮೇಲ್ಭಾಗ ಎಳೆತದಲ್ಲಿದೆ. ಕುಸಿತ ಸೇರಿಸಿದ ಮೇಲೆ ಅವನಿಗೆ ಬಂದದ್ದು A ಹತ್ತಿರ 78.53, B ಮೇಲೆ ಮತ್ತೆ 52.94.

ಮೊದಲು ಕೈಯಲ್ಲೊಂದು ಸ್ಕೇಲ್ ಹಿಡಿಯಿರಿ

ಪೆನ್ನು ಎತ್ತುವ ಮುಂಚೆ ಮಾಡುವ ಕೆಲಸ ಇದು. ಒಂದು ಪ್ಲಾಸ್ಟಿಕ್ ಸ್ಕೇಲ್ ತಗೊಳ್ಳಿ. ಎಡ ತುದಿಯನ್ನು ಅಂಗೈಯಿಂದ ಮೇಜಿನ ಅಂಚಿಗೆ ಒತ್ತಿ ಹಿಡಿಯಿರಿ, ಉಳಿದದ್ದು ಹೊರಗೆ ಚಾಚಿರಲಿ. ಬಲ ತುದಿಯ ಕೆಳಗೆ ಯಾರಾದರೂ ಬೆರಳು ಕೊಡಲಿ. ಈಗ ನಡುವಿನ ಭಾಗವನ್ನು ಕೆಳಗೆ ಒತ್ತಿ. ಒತ್ತಿದ ಜಾಗದಲ್ಲಿ ಸ್ಕೇಲ್ ಬಟ್ಟಲಿನಂತೆ ಬಾಗುತ್ತದೆ, ಅಂದರೆ ಕೆಳಭಾಗ ಹಿಗ್ಗುತ್ತದೆ. ಅಂಗೈ ಹತ್ತಿರ ಬಾಗು ತಿರುಗಾಮುರುಗಾ. ಅಲ್ಲಿ ಹಿಗ್ಗುವುದು ಮೇಲ್ಭಾಗ.

ಹಾಗಾಗಿ B ಕುಸಿದಾಗ B ಮೇಲಿನ ಹಾಗಿಂಗ್ ಕಡಿಮೆ ಆಗಲೇಬೇಕು. A ಹತ್ತಿರದ ಹಾಗಿಂಗ್ ಜಾಸ್ತಿ ಆಗಲೇಬೇಕು. B ತಾನು ಹೊರುವ ಭಾರದಲ್ಲಿ ಸ್ವಲ್ಪವನ್ನು A, C ಮೇಲೆ ಹಾಕಿ ಹಗುರಾಗುತ್ತದೆ. ಮನೆಯಲ್ಲಿ ಒಬ್ಬರು ಕೂತುಬಿಟ್ಟರೆ ಉಳಿದವರ ಮೇಲೆ ಕೆಲಸ ಬೀಳುತ್ತದಲ್ಲ, ಹಾಗೆ.

ಹುಡುಗನ ಉತ್ತರದಲ್ಲಿ A ಏರಿದೆ, ಅಷ್ಟು ಸರಿ. B ಕದಲಿಲ್ಲ. ಅಲ್ಲೇ ಅನುಮಾನ ಬರಬೇಕು.

ಟ್ಯಾಲಿ ಯಾಕೆ ಮೋಸ ಮಾಡಿತು

ಅವನ ಮೊಮೆಂಟ್‌ಗಳಿಂದ ರಿಯಾಕ್ಷನ್ ತೆಗೆದರೆ A ಗೆ 64.26, B ಗೆ 98.97, C ಗೆ 16.76 ಬರುತ್ತದೆ. ಕೂಡಿದರೆ 179.99. ಒಟ್ಟು ಲೋಡ್ 180. ದಶಮಾಂಶ ಮೊಟಕು ಮಾಡಿದ್ದರಿಂದ ಆ 0.01 ಹೋಗಿದೆ, ಅಷ್ಟೇ. B ಜಾಯಿಂಟ್‌ನ ಎರಡೂ ಬದಿಯ ಮೊಮೆಂಟ್ ಕೂಡಿದರೂ ಸೊನ್ನೆ. ಎಲ್ಲ ಪಾಸ್.

ಆದರೆ A ಗೆ ಮತ್ತು B ಗೆ ನಿಮಗೆ ತೋಚಿದ ಯಾವುದೇ ಎರಡು ಮೊಮೆಂಟ್ ಬರೆದು ನೋಡಿ, ರಿಯಾಕ್ಷನ್‌ಗಳ ಮೊತ್ತ ಆಗಲೂ 180ಕ್ಕೇ ಬರುತ್ತದೆ. ಒಂದು ಸ್ಪ್ಯಾನ್‌ನ ತುದಿಯ ಮೊಮೆಂಟ್‌ಗಳು ಒಂದು ಕಡೆಯ ರಿಯಾಕ್ಷನ್‌ಗೆ ಎಷ್ಟು ಸೇರಿಸುತ್ತವೋ ಇನ್ನೊಂದು ಕಡೆಯಿಂದ ಅಷ್ಟೇ ಕಳೆಯುತ್ತವೆ. ಆ ಟ್ಯಾಲಿಯಿಂದ ಗೊತ್ತಾಗುವುದು ಕೂಡು-ಕಳೆ ಸರಿಯಿದೆ ಅಂತ ಮಾತ್ರ.

ಮೊಮೆಂಟ್ ಡಿಸ್ಟ್ರಿಬ್ಯೂಷನ್ ವಿಧಾನದ ಸ್ವಭಾವವೇ ಹಾಗೆ. 1930ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹಾರ್ಡಿ ಕ್ರಾಸ್ ಇದನ್ನು ಪ್ರಕಟಿಸಿದಾಗ ಜನ ಮೆಚ್ಚಿದ್ದು ಬರೀ ಕೂಡು-ಕಳೆಯಲ್ಲಿ ಕೆಲಸ ಮುಗಿಯುತ್ತದೆ ಅಂತ. ಜಾಯಿಂಟ್‌ಗೆ ಬೀಗ ಹಾಕು, ಬಿಡು, ಹಂಚು, ಅರ್ಧ ಆಚೆಗೆ ಕಳಿಸು. ಇದೆಲ್ಲ ಜಾಯಿಂಟನ್ನು ಸಮತೋಲನಕ್ಕೆ ತರುವ ಕೆಲಸ. ಸಪೋರ್ಟ್ ಎಲ್ಲಿ ಕೂತಿದೆ ಅನ್ನುವ ಸುದ್ದಿ ಟೇಬಲ್‌ಗೆ ಬರುವುದು ಒಂದೇ ಒಂದು ಕಡೆ, ಮೊದಲ ಸಾಲಿನ ಫಿಕ್ಸೆಡ್ ಎಂಡ್ ಮೊಮೆಂಟ್‌ಗಳಲ್ಲಿ. ಅಲ್ಲಿ ಸುಳ್ಳು ಸುದ್ದಿ ಬರೆದರೆ ಉಳಿದ ಸಾಲುಗಳು ಅದನ್ನೇ ನಂಬಿ ಅಚ್ಚುಕಟ್ಟಾಗಿ ಬ್ಯಾಲೆನ್ಸ್ ಮಾಡಿ ಕೊಡುತ್ತವೆ. ಹುಡುಗ ಮೂರು ಸಲ ಮಾಡಿದರೂ ಅದೇ ಉತ್ತರ ಬಂದದ್ದು ಇದಕ್ಕೇ. ಮೂರು ಸಲವೂ ಮೊದಲ ಸಾಲನ್ನು ಹಳೇ ಹಾಳೆಯಿಂದ ನಕಲು ಮಾಡಿದ್ದ.

A ಯಿಂದ C ತನಕ ನಡೆದು ನೋಡುವುದು

ಹಾಗಾದರೆ ಹಿಡಿಯುವುದು ಹೇಗೆ? ಬಂದಿರುವ ಉತ್ತರವನ್ನೇ ತಗೊಂಡು, ಆ ಮೊಮೆಂಟ್‌ಗಳು ನಿಜವಾದರೆ ಬೀಮ್ ಎಲ್ಲೆಲ್ಲಿ ಇರುತ್ತದೆ ಅಂತ ಕೇಳಬೇಕು. A ಫಿಕ್ಸೆಡ್ ಆದ್ದರಿಂದ ಅಲ್ಲಿ ಬೀಮ್ ಮಟ್ಟಸವಾಗಿ ಹೊರಡುತ್ತದೆ. ಮೊಮೆಂಟ್ ಏರಿಯಾ ವಿಧಾನದಿಂದ B ತನಕ, ಅಲ್ಲಿಂದ C ತನಕ ನಡೆಯಿರಿ. ನಮ್ಮ ಬೀಮಿಗೆ ಅದು ಮೂರು ಸಾಲಲ್ಲಿ ಮುಗಿಯುತ್ತದೆ. M_A, M_B ಎರಡನ್ನೂ ಹಾಗಿಂಗ್ ಆಗಿದ್ದರೆ ಪ್ಲಸ್ ಅಂತ ಹಾಕಿ.

```
EI·yB = 1080 − 12·M_A − 6·M_B
EI·sB = 360 − 3·(M_A + M_B)
EI·yC = EI·yB + 4·(EI·sB) + 240 − 5.333·M_B
```

y ಅಂದರೆ ಮೇಲಕ್ಕೆ ಎಷ್ಟು ಸರಿದಿದೆ ಅಂತ. ಮೈನಸ್ ಬಂದರೆ ಕೆಳಕ್ಕೆ. s ಅಂದರೆ B ಯಲ್ಲಿನ ಇಳಿಜಾರು. ಸಂಖ್ಯೆಗಳು ಎಲ್ಲಿಂದ ಬಂದವು ಅಂದರೆ, AB ಮೇಲಿನ ಲೋಡ್ ಒಂದರಿಂದಲೇ ಬರುವ ಮೊಮೆಂಟ್ ಚಿತ್ರ 90 ಎತ್ತರದ ಪ್ಯಾರಾಬೋಲ. ಅದರ ವಿಸ್ತೀರ್ಣ 360. ಅದರ ನಡು B ಯಿಂದ 3 ಮೀಟರ್ ದೂರ, ಗುಣಿಸಿದರೆ 1080. A ಯ ಹಾಗಿಂಗ್ ಒಂದು ತ್ರಿಕೋನ. ವಿಸ್ತೀರ್ಣ 3·M_A, B ಯಿಂದ ದೂರ 4 ಮೀಟರ್, ಹಾಗಾಗಿ 12. B ಯ ತ್ರಿಕೋನದ ದೂರ 2 ಮೀಟರ್, ಹಾಗಾಗಿ 6. BC ಗೂ ಹಾಗೇ, C ಯಿಂದ ಅಳೆದು.

ಹುಡುಗನ ಉತ್ತರ ಹಾಕೋಣ. M_A 78.53, M_B 52.94. ಮೊದಲ ಸಾಲಲ್ಲಿ 1080 − 942.36 − 317.64, ಅಂದರೆ −180. 18000ದಿಂದ ಭಾಗಿಸಿದರೆ B 10 ಮಿಮೀ ಕೆಳಗೆ. ಸರಿಯಾಗಿದೆ! ಹುಡುಗನ ಮುಖ ಅರಳಿತು. "ಇರು, ಇನ್ನೂ C ಗೆ ಹೋಗಿಲ್ಲ" ಅಂದೆ. ಇಳಿಜಾರು −34.41. ಮೂರನೇ ಸಾಲು −180 − 137.64 + 240 − 282.35. ಬಂದದ್ದು −360. ಅಂದರೆ C 20 ಮಿಮೀ ಕೆಳಗೆ.

ಲೆಕ್ಕ ಹೇಳುವ ಬೀಮ್‌ನಲ್ಲಿ C ಕೂಡ ಕುಸಿದಿದೆ, ಅದೂ B ಗಿಂತ ಎರಡರಷ್ಟು. ಪ್ರಶ್ನೆಯಲ್ಲಿ C ಕದಲಿಲ್ಲ. ಅವನು ಬೇರೆ ಯಾವುದೋ ಬೀಮ್ ಬಿಡಿಸಿದ್ದ.

ಈಗ ದೋಷದ ಜಾಗವೂ ಗೊತ್ತಾಯಿತು. B ತನಕ ಸರಿ ಇದೆ, ಹಾಗಾಗಿ AB ಯ ಮೊದಲ ಸಾಲು ಸರಿ. ತಪ್ಪಿರುವುದು BC ಯಲ್ಲಿ. B ಗೂ C ಗೂ ನಡುವೆ 10 ಮಿಮೀ ಏರಬೇಕಿತ್ತು, ಲೆಕ್ಕದಲ್ಲಿ 10 ಮಿಮೀ ಇಳಿದಿದೆ. ಅಳತೆ ಸರಿ, ದಿಕ್ಕು ಉಲ್ಟಾ. ಚಿಹ್ನೆಯ ತಪ್ಪು.

ಚಿಹ್ನೆ ಎಲ್ಲಿ ಕೈಕೊಡುತ್ತದೆ

ಹಾಳೆಯಲ್ಲಿ ಕುಸಿತದ ಸಾಲು ನೋಡಿದೆ. AB ಎರಡೂ ತುದಿಗೆ −30, BC ಎರಡೂ ತುದಿಗೆ −67.5. "ಯಾಕೋ ಎಲ್ಲ ಮೈನಸ್?" ಅಂದೆ. "ಕುಸಿದರೆ ಮೈನಸ್ ಅಂತ ಹೇಳಿಕೊಟ್ಟಿದ್ದಾರೆ ಅಂಕಲ್."

ಹೇಳಿಕೊಟ್ಟವರು ಬಹುಶಃ ಬಲ ತುದಿ ಕುಸಿದ ಒಂದೇ ಸ್ಪ್ಯಾನ್ ತೋರಿಸಿರುತ್ತಾರೆ. ಅದಕ್ಕೆ ಆ ಮಾತು ಸರಿ. ಆದರೆ ಚಿಹ್ನೆ ಬರುವುದು ಕುಸಿತದಿಂದಲ್ಲ, ಸ್ಪ್ಯಾನ್ ತಿರುಗುವ ದಿಕ್ಕಿನಿಂದ. ಎರಡು ತುದಿ ಸೇರಿಸಿ ಒಂದು ದಾರ ಎಳೆದಂತೆ ನೋಡಿ. AB ಯಲ್ಲಿ ಬಲ ತುದಿ ಕೆಳಗೆ ಹೋಯಿತು, ದಾರ ಗಡಿಯಾರದ ದಿಕ್ಕಿಗೆ ತಿರುಗಿತು. ತುದಿಗಳನ್ನು ಬಿಗಿ ಹಿಡಿದಿದ್ದರೆ ಅಲ್ಲಿ ಬರುವ ಮೊಮೆಂಟ್ ಅದರ ಎದುರು ದಿಕ್ಕಿನದು, ಹಾಗಾಗಿ ಮೈನಸ್. BC ಯಲ್ಲಿ ಎಡ ತುದಿ ಕೆಳಗೆ ಹೋಯಿತು. ದಾರ ಎದುರು ದಿಕ್ಕಿಗೆ ತಿರುಗಿತು, ಮೊಮೆಂಟ್ ಪ್ಲಸ್. ಒಂದೇ ಸಪೋರ್ಟ್ ಕುಸಿದಾಗ ಅದರ ಎಡಬಲದ ಸ್ಪ್ಯಾನ್‌ಗಳಿಗೆ ಯಾವಾಗಲೂ ಬೇರೆ ಬೇರೆ ಚಿಹ್ನೆ.

ಅಳತೆ 6EIΔ/L². AB ಗೆ 6 × 18000 × 0.01 / 36, ಅಂದರೆ 30. BC ಗೆ 16ರಿಂದ ಭಾಗಿಸಬೇಕು, 67.5. ಸರಿಯಾದ ಟೇಬಲ್ ಇದು:

```
              AB       BA       BC       CB
ಹಂಚಿಕೆ ಪಾಲು     –     0.471    0.529      –
ಲೋಡ್        -60.00   +60.00   -30.00   +30.00
ಕುಸಿತ        -30.00   -30.00   +67.50   +67.50
C ಬಿಡುಗಡೆ                       -48.75   -97.50
ಮೊತ್ತ        -90.00   +30.00   -11.25     0
ಹಂಚಿಕೆ                 -8.82    -9.93
ಕ್ಯಾರಿ ಓವರ್    -4.41
ಕೊನೆಗೆ       -94.41   +21.18   -21.18     0
```

B ಯ ಹಾಗಿಂಗ್ 52.94ರಿಂದ 21.18ಕ್ಕೆ ಇಳಿಯಿತು. A ಯದು 63.53ರಿಂದ 94.41ಕ್ಕೆ ಏರಿತು. B ಯ ರಿಯಾಕ್ಷನ್ 101.47 ಇದ್ದದ್ದು 83.09 ಆಯಿತು. ಸ್ಕೇಲ್ ಹೇಳಿದ್ದೂ ಇದನ್ನೇ. ನಡೆದು ನೋಡಿದರೆ B 10 ಮಿಮೀ ಕೆಳಗೆ, C ಗೆ −0.04, ಅಂದರೆ ಸೊನ್ನೆಯೇ.

ಹಾಗಾದರೆ ಹುಡುಗನಿಗೆ ಮತ್ತೆ ಅದೇ 52.94 ಯಾಕೆ ಬಂತು? ಅದು ಕಾಕತಾಳೀಯ. ಅವನ ತಪ್ಪಿನಲ್ಲಿ ಕುಸಿತ B ಜಾಯಿಂಟ್‌ಗೆ ತಂದದ್ದು AB ಕಡೆಯಿಂದ −30, BC ಕಡೆಯಿಂದ −33.75. ಇವು 8ಕ್ಕೆ 9. ಹಂಚಿಕೆಯ ಪಾಲೂ 8ಕ್ಕೆ 9. ಒಟ್ಟು 63.75 ಹಂಚಿದಾಗ ತಂದಷ್ಟೇ ವಾಪಸ್ ಹೋಗಿ ಪೂರ್ತಿ ಅಳಿಸಿತು. ಸ್ಪ್ಯಾನ್‌ಗಳು 6 ಮತ್ತು 4, ಅಂದರೆ 3ಕ್ಕೆ 2, ಆಚೆ ತುದಿ ರೋಲರ್. ಈ ಅನುಪಾತ ಇದ್ದದ್ದರಿಂದ ಹೀಗಾಯಿತು. 5 ಮೀಟರ್ ಇದ್ದಿದ್ದರೆ ಯಾವುದೋ ಬೇರೆ ಸಂಖ್ಯೆ ಬಂದು, ಅವನು ಅದನ್ನೇ ಬರೆದು ಮಲಗಿರುತ್ತಿದ್ದ. ಅದೃಷ್ಟ ಅನ್ನಬೇಕೋ ಏನೋ.

ಬೇರೆ ತಪ್ಪುಗಳ ಗುರುತು

ನಡೆದು ನೋಡುವುದರ ಲಾಭ ಅಂದರೆ ಪ್ರತಿ ತಪ್ಪೂ ತನ್ನದೇ ಗುರುತು ಬಿಟ್ಟು ಹೋಗುತ್ತದೆ.

ಎರಡೂ ಸ್ಪ್ಯಾನ್‌ನ ಚಿಹ್ನೆ ಉಲ್ಟಾ ಹಾಕಿದರೆ A ಹತ್ತಿರ 32.65, B ಮೇಲೆ 84.71 ಬರುತ್ತದೆ. ನಡೆದರೆ B 10 ಮಿಮೀ ಮೇಲೆ, C ಸೊನ್ನೆ. ಯಾರೋ B ಗೆ ಜ್ಯಾಕ್ ಕೊಟ್ಟು ಎತ್ತಿದಂತೆ. ಈ ತಪ್ಪನ್ನು ಸ್ಕೇಲ್ ಕೂಡ ಹಿಡಿಯುತ್ತದೆ, B ಯ ಹಾಗಿಂಗ್ ಏರಿದೆಯಲ್ಲ. ಇನ್ನೊಂದು ವಿಷಯ ನೋಡಿ. 84.71 ಮತ್ತು 21.18ರ ಸರಾಸರಿ ತೆಗೆದರೆ ಕುಸಿತ ಇಲ್ಲದ 52.94 ಸಿಗುತ್ತದೆ. ಇಬ್ಬರ ಉತ್ತರ ಹೀಗೆ ಕನ್ನಡಿಯಂತೆ ಕಂಡರೆ ಜಗಳವಾಡಬೇಡಿ, ಒಬ್ಬರ ಚಿಹ್ನೆ ತಿರುಗಿದೆ.

ಹೆಚ್ಚು ಕಷ್ಟ ಕೊಡುವುದು ಅರ್ಧದ ತಪ್ಪು. C ರೋಲರ್ ಆದ್ದರಿಂದ BC ಯ ಬಿಗಿತವನ್ನು ಮುಕ್ಕಾಲಿಗೆ ಇಳಿಸಿ, ಮತ್ತೆ C ಗೆ ಹೋಗದೆ ಕೆಲಸ ಮುಗಿಸುವುದು ಎಲ್ಲರಿಗೂ ಇಷ್ಟ. ಹಾಗೆ ಮಾಡುವಾಗ ಲೋಡ್‌ನ 30ನ್ನು 45 ಮಾಡಲು ಮರೆಯುವುದಿಲ್ಲ, ಅದು ಬಾಯಿಪಾಠ ಆಗಿರುತ್ತದೆ. ಕುಸಿತದ 67.5ನ್ನು ಅರ್ಧ ಮಾಡಿ 33.75 ಬರೆಯುವುದು ಮರೆತುಹೋಗುತ್ತದೆ. ಆಚೆ ತುದಿ ತಿರುಗಲು ಬಿಟ್ಟಾಗ 6EI ಜಾಗದಲ್ಲಿ 3EI ಬರಬೇಕು. ಟೇಬಲ್‌ನಲ್ಲೇ ನೋಡಬಹುದು. C ಯ 67.5ನ್ನು ಬಿಡುಗಡೆ ಮಾಡಿದಾಗ ಅದರ ಅರ್ಧ ಮೈನಸ್ ಆಗಿ B ಗೆ ಬರುತ್ತದೆ, ಉಳಿಯುವುದು 33.75.

ಅದನ್ನು ಮರೆತರೆ ಬರುವ ಉತ್ತರ A ಹತ್ತಿರ 102.35, B ಮೇಲೆ 5.29. ಸ್ಕೇಲ್ ಇದನ್ನು ಹಿಡಿಯುವುದಿಲ್ಲ. A ಏರಿದೆ, B ಇಳಿದಿದೆ, ದಿಕ್ಕು ಎಲ್ಲ ಸರಿ. ನಡೆದರೆ B 10 ಮಿಮೀ ಕೆಳಗೆ, ಆದರೆ C 10 ಮಿಮೀ ಮೇಲೆ ಬರುತ್ತದೆ. BC ಗೆ ಎರಡರಷ್ಟು ಕುಸಿತ ಕೊಟ್ಟಿದ್ದೀರಿ ಅಂತ ಅರ್ಥ.

C ಕೂಡ ಸ್ವಲ್ಪ ಕುಸಿಯುವ ಪ್ರಶ್ನೆಯಲ್ಲಿ Δ ಅಂದರೆ ಆ ಸ್ಪ್ಯಾನ್‌ನ ಎರಡು ತುದಿಗಳ ವ್ಯತ್ಯಾಸ. B 10, C 4 ಕುಸಿದರೆ BC ಗೆ 6. ಮೂರೂ ಒಂದೇ ಅಳತೆ ಇಳಿದರೆ, A ತಿರುಗದೆ ಇದ್ದರೆ, ಬೀಮಿಗೆ ಏನೂ ಗೊತ್ತಾಗುವುದಿಲ್ಲ.

ಈ ಪರೀಕ್ಷೆಗೂ ಸಿಗದ ತಪ್ಪು

ಅದು EI. ಕುಸಿತ ಇಲ್ಲದ ಲೆಕ್ಕದಲ್ಲಿ EI ಎಷ್ಟಿದ್ದರೂ ನಡೆಯುತ್ತದೆ, ಸ್ಪ್ಯಾನ್‌ಗಳ ಬಿಗಿತದ ಅನುಪಾತ ಸಾಕು. ಆ ಅಭ್ಯಾಸದಲ್ಲಿ ಕುಸಿತದ ಲೆಕ್ಕಕ್ಕೂ ಹೋದರೆ ಎಡವುತ್ತೀರಿ. ಇಲ್ಲಿ ನಿಜವಾದ EI ಬೇಕು. E 2×10⁵ ನ್ಯೂಟನ್ ಪ್ರತಿ ಚದರ ಮಿಮೀ, I 9×10⁷ ಮಿಮೀ⁴. ಗುಣಿಸಿ 10⁹ದಿಂದ ಭಾಗಿಸಿದರೆ 18000. ಭಾಗಿಸುವಾಗ ಸಾವಿರದ ತಪ್ಪಾದರೆ 30 ಬರುವ ಕಡೆ 30000 ಬಂದು ಕಣ್ಣಿಗೆ ರಾಚುತ್ತದೆ. ಆದರೆ I ಯಲ್ಲಿ ಒಂದು ಸೊನ್ನೆ ಬಿಟ್ಟರೆ 30 ಹೋಗಿ 3 ಆಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ನಡೆದು ನೋಡುವಾಗಲೂ ಅದೇ ತಪ್ಪು EI ಯಿಂದ ಭಾಗಿಸುತ್ತೀರಿ, ಹಾಗಾಗಿ 10 ಮಿಮೀ ಸರಿಯಾಗೇ ಬರುತ್ತದೆ. EI ಯನ್ನು ಮಾತ್ರ ಬೇರೆ ಹಾಳೆಯಲ್ಲಿ, ಹಳೆಯದು ನೋಡದೆ, ಮತ್ತೊಮ್ಮೆ ತೆಗೆಯಬೇಕು.

ಕಾಂಕ್ರೀಟ್ ಬೀಮ್ ಆದರೆ ಇನ್ನೊಂದು ತೊಡಕು. ಐಎಸ್ 456 ಪ್ರಕಾರ ಎಂ25 ಕಾಂಕ್ರೀಟ್‌ನ E 25000 ನ್ಯೂಟನ್ ಪ್ರತಿ ಚದರ ಮಿಮೀ. ಇದು ಲೋಡ್ ಬಿದ್ದ ತಕ್ಷಣದ ಲೆಕ್ಕ. ಮಣ್ಣು ವರ್ಷಗಟ್ಟಲೆ ನಿಧಾನವಾಗಿ ಕೂತರೆ ಕಾಂಕ್ರೀಟೂ ಕ್ರೀಪ್ ಆಗಿ ಒಗ್ಗಿಕೊಳ್ಳುತ್ತದೆ. 28 ದಿನಕ್ಕೆ ಲೋಡ್ ಹಾಕಿದ ಕಾಂಕ್ರೀಟ್‌ಗೆ ಅದೇ ಕೋಡ್ ಕ್ರೀಪ್ ಗುಣಾಂಕ 1.6 ಕೊಡುತ್ತದೆ, ಅಂದರೆ E ಯನ್ನು 2.6ರಿಂದ ಭಾಗಿಸಬೇಕು. ಕುಸಿತದಿಂದ ಬರುವ ಪಾಲು EI ಗೆ ನೇರ ಅನುಪಾತದಲ್ಲಿದೆ. ನಮ್ಮ ಬೀಮಿನಷ್ಟೇ EI ಇರುವ ಕಾಂಕ್ರೀಟ್ ಬೀಮ್ ಅಂದುಕೊಂಡರೆ, B ಯಲ್ಲಿ 31.76 ಇಳಿಯುವ ಜಾಗದಲ್ಲಿ ಸುಮಾರು 12.2 ಮಾತ್ರ ಇಳಿಯುತ್ತದೆ.

ಅದಕ್ಕೇ B ಯ ಮೇಲ್ಭಾಗದ ಸರಳು ಇಡುವಾಗ ನಾನು ಕುಸಿತದ ರಿಯಾಯಿತಿ ತಗೊಳ್ಳುವುದಿಲ್ಲ. ಅಲ್ಲಿಗೆ 52.94. ಸಪೋರ್ಟ್ ಕುಸಿಯದೆಯೂ ಇರಬಹುದಲ್ಲ. A ಗೆ ಮಾತ್ರ ಕುಸಿತ ಸೇರಿಸಿದ ಸಂಖ್ಯೆ. BC ಯ ಲೋಡ್ ಕೆಳಗಿನ ಸ್ಯಾಗಿಂಗ್ ಮರೆಯಬೇಡಿ. C ಯ ರಿಯಾಕ್ಷನ್ 16.76ರಿಂದ 24.70ಕ್ಕೆ ಏರಿದೆ, 2 ಮೀಟರ್‌ನಿಂದ ಗುಣಿಸಿದರೆ 33.5 ಇದ್ದದ್ದು 49.4. ಎಲ್ಲರೂ ಸಪೋರ್ಟ್ ಮೇಲೆ ಕಣ್ಣಿಟ್ಟಿರುವಾಗ ಇದು ಅರ್ಧದಷ್ಟು ಏರಿ ಕೂತಿರುತ್ತದೆ.

ಹುಡುಗ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ, "ಅಂಕಲ್, ಇನ್ನೂ ಕುಸಿದರೆ B ಯಲ್ಲಿ ಸೊನ್ನೆ ಆಗಲ್ವಾ?" ಒಳ್ಳೇ ಪ್ರಶ್ನೆ. 10 ಮಿಮೀಗೆ 31.76 ಇಳಿದರೆ 52.94 ಪೂರ್ತಿ ಇಳಿಯಲು 16.67 ಮಿಮೀ. ಅದಕ್ಕಿಂತ ಜಾಸ್ತಿ ಕುಸಿದರೆ B ಮೇಲೆ ಸ್ಯಾಗಿಂಗ್ ಶುರುವಾಗುತ್ತದೆ. ಕಾಂಕ್ರೀಟ್ ಆದರೆ ಸರಳು ಮೇಲಿದೆ, ಎಳೆತ ಕೆಳಗೆ ಬಂತು. "ಹಾಗಾದರೆ ಬಿರುಕು ಬೀಮಿನ ಕೆಳಗಡೆ, ಪಿಲ್ಲರ್ ಪಕ್ಕದಲ್ಲೇ ಕಾಣುತ್ತಾ?" ಅಂದ. ಹೌದು, ಅಲ್ಲೇ.